ಪಂಚೆ ಅಚ್ಚ ಬಿಳಿ, ಹುಡುಗಿ ಮಾತ್ರ ಹಳದಿ: ಹೆಣ್ಣಿನ ಮನೆಯವರಿಂದ ಕಾಗದ ಬಂದಿದೆ, ಏನು ಮಾಡಲಿ?

ದಾವಣಗೆರೆ ಶಟರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹನ್ನೊಂದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಫೋನಿನಲ್ಲಿ ಬೈದವರಿದ್ದಾರೆ, ವಾಟ್ಸಾಪ್‌ನಲ್ಲಿ ಬೈದವರಿದ್ದಾರೆ. ಕೂತು ಕಾಗದ ಬರೆದವರು ಇವರೇ ಮೊದಲು. ಹುಡುಗಿಯ ತಂದೆ, ಚಿತ್ರದುರ್ಗದವರು. ಹೆಸರು ತೆಗೆದು ಕಾಗದವನ್ನು ಹಾಗೇ ಹಾಕಿದ್ದೇನೆ.

> ಶ್ರೀಯುತರಿಗೆ ನಮಸ್ಕಾರಗಳು.
>
> ತಾವು ಕಳುಹಿಸಿದ ಮದುವೆಯ ಆಲ್ಬಂ ತಲುಪಿದೆ. ಕೆಲಸ ಅಚ್ಚುಕಟ್ಟಾಗಿದೆ. ತಾಳಿ ಕಟ್ಟುವ ಹೊತ್ತಿನಲ್ಲಿ ನಮ್ಮ ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ತಾವು ಹಿಡಿದಿದ್ದೀರಿ. ಅಂದು ಅದನ್ನು ನಾವು ಯಾರೂ ನೋಡಿರಲಿಲ್ಲ.
>
> ಒಂದು ವಿಷಯ ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. 9ನೇ ಹಾಳೆಯಿಂದ 21ರವರೆಗೆ, ಅಂದರೆ ಮುಹೂರ್ತದ ಫೋಟೋಗಳಲ್ಲಿ, ಮಗಳ ಮೈಬಣ್ಣ ಹಳದಿಗೆ ತಿರುಗಿದೆ. ಕಣ್ಣಿನ ಬಿಳಿಭಾಗವೂ ಹಾಗೇ ಇದೆ. ಮನೆಗೆ ಬಂದ ನೆಂಟರೊಬ್ಬರು "ಹುಡುಗಿಗೆ ಆವಾಗ ಕಾಮಾಲೆ ಆಗಿತ್ತಾ" ಎಂದು ಕೇಳಿದರು. ರಾತ್ರಿ ಬಲ್ಬಿನ ಬೆಳಕಿಗೆ ಹಾಗೆ ಕಾಣುತ್ತದೇನೋ ಎಂದು ಮಧ್ಯಾಹ್ನ ಪಡಸಾಲೆಗೆ ತಂದು ನೋಡಿದೆವು. ಬದಲಾಗಲಿಲ್ಲ. ಹಿಂದಿನ ರಾತ್ರಿಯ ಆರತಕ್ಷತೆಯ ಹಾಳೆಗಳಲ್ಲಿ ಚೆನ್ನಾಗಿಯೇ ಇದ್ದಾಳೆ.
>
> ಬೆಳ್ಳಗೆ ಮಾಡಿಕೊಡಿ ಎಂದು ಕೇಳುತ್ತಿಲ್ಲ. ನಮ್ಮ ಹುಡುಗಿ ಗೋಧಿ ಬಣ್ಣದವಳು. ಗೋಧಿ ಬಣ್ಣವೇ ಬರಲಿ. ಸರಿಪಡಿಸಿಕೊಟ್ಟ ದಿನವೇ ಬಾಕಿ ಹಣ ತಲುಪಿಸುತ್ತೇವೆ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯಬಾರದೆಂದು ಬರೆದಿದ್ದೇನೆ. ತಪ್ಪು ತಿಳಿಯಬೇಡಿ.

ಈಗ ನನ್ನ ಗೊಂದಲ. ಮುಹೂರ್ತದ ಫೋಟೋಗಳಿಗೆ ವೈಟ್ ಬ್ಯಾಲೆನ್ಸ್ ಮಾಡದೇ ಬಿಟ್ಟವನಲ್ಲ ನಾನು. ಲೈಟ್‌ರೂಮ್‌ನಲ್ಲಿ ವರನ ಹೊಸ ಪಂಚೆ ಮೇಲೆ ಡ್ರಾಪರ್ ಇಟ್ಟು ಕ್ಲಿಕ್ ಮಾಡಿದ್ದೇನೆ. ಅದನ್ನೇ ಆ ಬ್ಯಾಚಿನ ಎಲ್ಲ ಫೋಟೋಗಳಿಗೂ ಸಿಂಕ್ ಮಾಡಿದ್ದೇನೆ. ಈಗ ತೆಗೆದು ನೋಡಿದರೆ ಪಂಚೆ R 241, G 241, B 240 ತೋರಿಸುತ್ತದೆ. ಅಚ್ಚ ಬಿಳಿ ಅಲ್ವಾ? ಬಿಳಿ ಬಿಳಿಯಾಗಿಯೇ ಇದ್ದರೆ ಚರ್ಮ ಹೇಗೆ ಹಳದಿಯಾಗುತ್ತದೆ? ಹಿಂದಿನ ದಿನ ಅರಿಶಿನ ಶಾಸ್ತ್ರ ಆಗಿತ್ತು. ಅದರದ್ದೇ ಬಣ್ಣ ಅಂತ ಅವರಿಗೆ ಹೇಳಿಬಿಡಲಾ?

ಆಟೋ ಮಂಜ

ಗುರು, ನಿನ್ನ ಲ್ಯಾಪ್‌ಟಾಪ್‌ನಲ್ಲಿ ನೈಟ್ ಮೋಡ್ ಆನ್ ಇರುತ್ತೆ, ನೋಡಿಕೋ. ಸ್ಕ್ರೀನೇ ಹಳದಿ ಇದ್ದರೆ ಫೋಟೋನೂ ಹಳದಿ ಬರುತ್ತೆ. ನನಗೂ ಹೀಗೇ ಆಗಿತ್ತು. ಇಲ್ಲ ಅಂದರೆ ಫೋಟೋಶಾಪ್‌ನಲ್ಲಿ ಆಟೋ ಕಲರ್ ಒತ್ತು, ಎರಡು ನಿಮಿಷದ ಕೆಲಸ.

ಭರಮಸಾಗರ ಸ್ಟುಡಿಯೋ

ಮಂಜ, ಸ್ಕ್ರೀನ್ ಮೇಲೆ ಅನುಮಾನ ಪಟ್ಟಿದ್ದು ಸರಿ. ಆದರೆ ಲೆಕ್ಕ ತಿರುಗುಮುರುಗಾಗಿದೆ. ನೈಟ್ ಮೋಡ್‌ನಲ್ಲಿ ಕೂತವನಿಗೆ ಎಲ್ಲವೂ ಹಳದಿ ಕಾಣುತ್ತದೆ. ಅವನು ಹಳದಿ ತೆಗೆಯಲು ಹೋಗಿ ನೀಲಿ ಸೇರಿಸುತ್ತಾನೆ. ಪ್ರಿಂಟ್ ನೀಲಿಗೆ ಬರುತ್ತದೆ. ಹಳದಿ ಪ್ರಿಂಟ್ ಬರುವುದು ಸ್ಕ್ರೀನ್ ನೀಲಿಗೆ ಎಳೆದಾಗ. ಎಷ್ಟೋ ಲ್ಯಾಪ್‌ಟಾಪ್‌ಗಳು ಕೊಳ್ಳುವಾಗಲೇ ಹಾಗಿರುತ್ತವೆ.

ಆಟೋ ಕಲರ್ ಅಂತೂ ಬೇಡವೇ ಬೇಡ. ಹಿಂದೆ ಚೆಂಡುಹೂವಿನ ಪರದೆ, ಕೊರಳಲ್ಲಿ ಹಾರ, ಕೈಯಲ್ಲಿ ಅಕ್ಷತೆ. ಫ್ರೇಮಿನ ಅರ್ಧ ನಿಜವಾಗಿಯೇ ಹಳದಿ. ಆಟೋಗೆ ಅದು ದೋಷ ಅನ್ನಿಸುತ್ತದೆ. ಅದನ್ನು ತೆಗೆಯಲು ಹೋಗಿ ಹುಡುಗಿಯ ಮುಖವನ್ನು ಬೂದಿ ಬಣ್ಣ ಮಾಡಿ ಕೈಗಿಡುತ್ತದೆ.

ಕೋಟೆ ಕಡೆಯವಳು

ನಾನು ಫೋಟೋಗ್ರಾಫರ್ ಅಲ್ಲ, ದುರ್ಗದ ಹೆಣ್ಣುಮಗಳು ಅಷ್ಟೇ. ಅರಿಶಿನದ್ದು ಅಂತ ಹೇಳಿಬಿಡಲಾ ಅಂದಿರಲ್ಲ ಅಣ್ಣ, ಅದಕ್ಕೆ ಬರೆಯುತ್ತಿದ್ದೇನೆ. ಅರಿಶಿನ ಕೆನ್ನೆಗೆ, ಕೈಗೆ, ಕಾಲಿಗೆ ಹಚ್ಚುತ್ತಾರೆ. ಕಣ್ಣಿನೊಳಗೆ ಹಚ್ಚುತ್ತಾರಾ? ಕಣ್ಣಿನ ಬಿಳಿಯೂ ಹಳದಿ ಅಂತ ಅವರಪ್ಪ ಬರೆದಿದ್ದಾರೆ. ಪೂಜೆ ಮಾಡಿಸಿದ ಅಯ್ಯನವರ ಮುಖ ನೋಡಿ. ಅವರಿಗೆ ಯಾರೂ ಅರಿಶಿನ ಹಚ್ಚಿರೋದಿಲ್ಲ.

ದಾವಣಗೆರೆ ಶಟರ್

ಅಕ್ಕ, ಈಗ ನೋಡಿದೆ. ಅಯ್ಯನವರೂ ಹಳದಿ. ಅವರ ಹಲ್ಲೂ ಹಳದಿ. (ಎಲೆ ಅಡಿಕೆಯ ಪಾಲು ಸ್ವಲ್ಪ ಇರಬಹುದು, ಆದರೂ.) ಹಿಂದೆ ನಿಂತಿರುವ ಚಿಕ್ಕ ಹುಡುಗನೂ ಹಳದಿ. ಅರಿಶಿನದ ಮೇಲೆ ಹಾಕುವ ಹಾಗಿಲ್ಲ.

ಹಾಗಾದರೆ ಲ್ಯಾಬಿನವರದ್ದಾ?

ಪ್ರಿಂಟ್ ಮೇಷ್ಟ್ರು

ಲ್ಯಾಬಿನಲ್ಲಿ ಇಪ್ಪತ್ತು ವರ್ಷದ ಮೇಲೆ ಕೆಲಸ ಮಾಡಿದ್ದೇನೆ. ತಪ್ಪು ಎಲ್ಲಿದೆ ಅಂತ ಗೊತ್ತಾಗದಿದ್ದಾಗ ಎಲ್ಲರ ಬೆರಳೂ ನಮ್ಮ ಕಡೆಗೇ. ಒಂದು ಪ್ರಶ್ನೆ. ಆರತಕ್ಷತೆಯ ಹಾಳೆ, ಮುಹೂರ್ತದ ಹಾಳೆ ಎರಡೂ ಒಂದೇ ದಿನ, ಒಂದೇ ಆರ್ಡರಿನಲ್ಲಿ ಪ್ರಿಂಟ್ ಆದವಾ?

ದಾವಣಗೆರೆ ಶಟರ್

ಹೌದು ಮೇಷ್ಟ್ರೇ. 12x36 ಆಲ್ಬಂ, ಒಟ್ಟು 36 ಶೀಟ್, ಎಲ್ಲ ಒಟ್ಟಿಗೇ ಕಳಿಸಿದ್ದು. ಎಲ್ಲವೂ sRGB ಜೆಪೆಗ್.

ಪ್ರಿಂಟ್ ಮೇಷ್ಟ್ರು

ಅಲ್ಲಿಗೆ ಲ್ಯಾಬ್ ಬಚಾವ್. ಮಷಿನ್ ಹಳದಿ ಹೊಡೆದಿದ್ದರೆ 8ನೇ ಹಾಳೆಯೂ ಹಳದಿಯಾಗಬೇಕಿತ್ತು. 9ಕ್ಕೆ ಶುರುವಾಗಿ 21ಕ್ಕೆ ನಿಲ್ಲುವ ಹಳದಿ ಮಷಿನಿನದ್ದಲ್ಲ. ಅವರ ಮನೆ ಬಲ್ಬಿನದ್ದೂ ಅಲ್ಲ, ಬಲ್ಬಿಗೆ ಪುಟ ಸಂಖ್ಯೆ ಗೊತ್ತಿರುವುದಿಲ್ಲ. ಅವರಪ್ಪ ಅದನ್ನೂ ಹಗಲಿನಲ್ಲಿ ನೋಡಿ ಖಚಿತ ಮಾಡಿಕೊಂಡೇ ಬರೆದಿದ್ದಾರೆ. ನಿಮ್ಮ ಮಾನಿಟರೂ ಒಬ್ಬನೇ ಅಪರಾಧಿ ಅಲ್ಲ, ಎರಡೂ ಬ್ಯಾಚ್ ಮಾಡಿದ್ದು ಅದರಲ್ಲೇ. ಉಳಿದಿದ್ದು ಆ ಬ್ಯಾಚಿಗೆ ಮಾತ್ರ ನೀವು ಮಾಡಿದ ಕೆಲಸ.

ಹಳೇ ರೀಲ್

ನನ್ನ ಮದುವೆ ಆಲ್ಬಮ್ಮೂ ಹಳದಿಯಾಗಿದೆ ಸ್ವಾಮಿ. 1994ರದ್ದು. ಅಂಟು ಹಾಳೆ, ಮೇಲೆ ಪ್ಲಾಸ್ಟಿಕ್ ಕವರ್ ಇರುತ್ತಿತ್ತಲ್ಲ, ಆ ಥರದ್ದು. ಮೊದಲು ಚೆನ್ನಾಗಿತ್ತು, ಬರ್ತಾ ಬರ್ತಾ ಹೀಗಾಯಿತು. ಇದನ್ನು ತೊಳೆದರೆ ಹೋಗುತ್ತದಾ?

ಪ್ರಿಂಟ್ ಮೇಷ್ಟ್ರು

ಅಯ್ಯೋ ತೊಳೆಯಬೇಡಿ. ನಿಮ್ಮದು ಬೇರೆ ಕಾಯಿಲೆ. ಅದು ವರ್ಷಗಳ ಮೇಲೆ ಡೈ ಮಾಸಿ, ಅಂಟು ಹಳದಿಗಟ್ಟಿ ಆಗಿದ್ದು. ಆ ಪ್ಲಾಸ್ಟಿಕ್ ಕಿತ್ತು ಎಳೆಯಲೂ ಬೇಡಿ, ಫೋಟೋ ಮೇಲ್ಪದರ ಅದರ ಜೊತೆ ಬಂದುಬಿಡುತ್ತದೆ. ಇದ್ದ ಹಾಗೇ ಸ್ಕ್ಯಾನ್ ಮಾಡಿಸಿ. ಇವರದ್ದು ಹೊಸ ಆಲ್ಬಂ, ಹುಟ್ಟುವಾಗಲೇ ಹಳದಿ.

ಬೆಳಕು ಬಾಗಿಲು

ಶಟರ್ ಅವರೇ, ಪಂಚೆ ಬಿಳಿಯಾಗಿದೆ, ಹಾಗಾಗಿ ಬ್ಯಾಲೆನ್ಸ್ ಸರಿ ಅಂದಿರಿ. ನನಗೆ ಅನುಮಾನ ಇರುವುದೇ ಆ ಪಂಚೆ ಮೇಲೆ.

ಆ ರಾ ಫೈಲನ್ನು ಮತ್ತೆ ತೆಗೆಯಿರಿ. WB ಜಾಗದಲ್ಲಿ As Shot ಒತ್ತಿ. ಆಗ Temp ಎಷ್ಟು ತೋರಿಸುತ್ತದೆ, ಪಂಚೆಯ R G B ಎಷ್ಟು, ಹುಡುಗಿಯ ಕೆನ್ನೆಯದು ಎಷ್ಟು, ಮೂರನ್ನೂ ಬರೆಯಿರಿ. ಆಮೇಲೆ ನೀವು ಡ್ರಾಪರ್ ಒತ್ತಿದ ಮೇಲಿನ ಅಂಕಿ ಬರೆಯಿರಿ. ಮುಹೂರ್ತದ ಬೆಳಕು ಯಾವುದು ಅಂತಲೂ ಹೇಳಿ.

ದಾವಣಗೆರೆ ಶಟರ್

ಬೆಳಕು: ಮಂಟಪದ ಎಡಕ್ಕೆ ದೊಡ್ಡ ಕಿಟಕಿಗಳು, ಬೆಳಿಗ್ಗೆ ಒಂಬತ್ತೂವರೆ ಹೊತ್ತು. ನನ್ನ ಕಡೆಯಿಂದ ಫ್ಲ್ಯಾಶ್. ಕ್ಯಾಮೆರಾ ಆಟೋದಲ್ಲಿತ್ತು.

As Shot: Temp 5200. ಪಂಚೆ R 214, G 226, B 250. ಕೆನ್ನೆ R 198, G 152, B 122.

ಡ್ರಾಪರ್ ಆದಮೇಲೆ: Temp 6700. ಪಂಚೆ ಮೂರೂ ಸಮ. ಕೆನ್ನೆ R 207, G 152, B 110.

ಬರೆಯುವಾಗಲೇ ಏನೋ ಹೊಳೆಯುತ್ತಿದೆ, ಆದರೆ ಪೂರ್ತಿ ಸಿಗುತ್ತಿಲ್ಲ.

ಬೆಳಕು ಬಾಗಿಲು

ಸಿಕ್ಕಿತು. ನಿಮ್ಮ ಪಂಚೆ ಬಿಳಿಯಲ್ಲ, ನೀಲಿ.

ಮನೆಯಲ್ಲಿ ಬಿಳಿ ಬಟ್ಟೆ ಒಗೆದಮೇಲೆ ಬಕೆಟ್ಟಿಗೆ ನಾಲ್ಕು ಹನಿ ನೀಲಿ ಹಾಕುತ್ತಾರೆ ಅಲ್ವಾ? ಹತ್ತಿ ಬಟ್ಟೆಗೆ ಇರುವ ಮಾಸಲು ಹಳದಿಯನ್ನು ಅದು ಮರೆಮಾಡುತ್ತದೆ. ಹೊಸ ಪಂಚೆಗೆ ಇದರ ಜೊತೆ ಇನ್ನೊಂದು ಇರುತ್ತದೆ, ಹೊಳಪು ಕೊಡುವ ರಾಸಾಯನಿಕ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅದು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಕಿಟಕಿ ಬೆಳಕಿನಲ್ಲಿ ನೇರಳಾತೀತ ಇದೆ, ಫ್ಲ್ಯಾಶಿನಲ್ಲೂ ಸ್ವಲ್ಪ ಇರುತ್ತದೆ. ಹಾಗಾಗಿ ಪಂಚೆ ತನ್ನದೇ ನೀಲಿ ಬೆಳಕು ಸೂಸುತ್ತಾ ಕೂತಿತ್ತು. ನಮ್ಮ ಕಣ್ಣಿಗೆ ಅದು "ಎಂಥಾ ಬಿಳುಪು" ಅನ್ನಿಸುತ್ತದೆ. ಕ್ಯಾಮೆರಾಗೆ B 250.

ಡ್ರಾಪರ್‌ಗೆ ಇದೆಲ್ಲ ಗೊತ್ತಿಲ್ಲ. ನೀವು ತೋರಿಸಿದ ಜಾಗ ಬಣ್ಣವಿಲ್ಲದ್ದು ಅಂತ ನಂಬಿಬಿಡುತ್ತದೆ. ಅಲ್ಲಿ ನೀಲಿ ಕಂಡಿತು. ಇಡೀ ಬೆಳಕೇ ನೀಲಿ ಅಂದುಕೊಂಡು ಇಡೀ ಫೋಟೋಗೆ ಹಳದಿ ಸುರಿಯಿತು. 5200 ಇದ್ದದ್ದು 6700 ಆಗಿದ್ದು ಅದಕ್ಕೇ. ಪಂಚೆಯ ನೀಲಿಗೂ ಸುರಿದ ಹಳದಿಗೂ ಸರಿಹೋಗಿ ಪಂಚೆ ಬಿಳಿಯಾಯಿತು. ಹುಡುಗಿಯ ಕೆನ್ನೆಯಲ್ಲಿ ಆ ನೀಲಿ ಇರಲೇ ಇಲ್ಲ. ಹಾಗಾಗಿ ಅಲ್ಲಿ ಹಳದಿ ಹಳದಿಯಾಗಿಯೇ ಉಳಿಯಿತು. B 122ರಿಂದ 110ಕ್ಕೆ ಇಳಿದಿದೆ, R ಮೇಲೆ ಹೋಗಿದೆ. ಕೆನ್ನೆಯಲ್ಲಿ ಅಷ್ಟು ಸಾಕು ಕಾಮಾಲೆ ಅನ್ನಿಸುವುದಕ್ಕೆ. ಪಂಚೆ ಅಷ್ಟು ಬಿಳಿಯಾಗಿ ಬಂದದ್ದರಿಂದಲೇ ಹುಡುಗಿ ಹಳದಿ ಬಂದಿದ್ದು.

ನಂಬಿಕೆ ಬರದಿದ್ದರೆ ಅಂಗಡಿಯಲ್ಲಿ ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚ್ ತಂದು, ಕತ್ತಲೆಯಲ್ಲಿ ಹೊಸ ಪಂಚೆ ಮೇಲೆ ಬಿಡಿ.

ಆಟೋ ಮಂಜ

ಬಿಟ್ಟೆ ಗುರು. ನಮ್ಮಪ್ಪನ ಪಂಚೆ, ನನ್ನ ಬನಿಯನ್ ಎರಡೂ ಟ್ಯೂಬ್‌ಲೈಟ್ ಥರ ಹೊಳೀತಿವೆ. ಅಮ್ಮನ ರೇಷ್ಮೆ ಸೀರೆಯ ಬಿಳಿ ಅಂಚು ಸುಮ್ನೆ ಮಂಕಾಗಿ ಕೂತಿದೆ. ಹಾಗಾದರೆ ಹಣೆ ಮೇಲಿನ ವಿಭೂತಿ ಮೇಲೆ ಕ್ಲಿಕ್ ಮಾಡಬಹುದಲ್ಲ? ಅದಕ್ಕೆ ಯಾರೂ ನೀಲಿ ಹಾಕಲ್ಲ.

ಬೆಳಕು ಬಾಗಿಲು

ಒಳ್ಳೆಯ ಯೋಚನೆ ಮಂಜ, ನಿಜವಾಗಲೂ. ಆದರೆ ಹಣೆಗೆ ಎಳೆದ ವಿಭೂತಿ ತೆಳ್ಳಗಿರುತ್ತದೆ. ಕೆಳಗಿನ ಚರ್ಮದ ಬಣ್ಣ ಅದರಲ್ಲಿ ಇಣುಕುತ್ತದೆ. ಅಲ್ಲಿ ಕ್ಲಿಕ್ ಮಾಡಿದರೆ ಚರ್ಮದ ಬಣ್ಣವನ್ನೇ ತಪ್ಪು ಅಂದುಕೊಂಡು ಫೋಟೋ ನೀಲಿಗೆ ಓಡುತ್ತದೆ. ಎಲ್ಲ ಮುಗಿದಮೇಲೆ ಕಣ್ಣಳತೆಗೆ ನೋಡಲು ವಿಭೂತಿ ಸರಿ, ಕ್ಲಿಕ್ ಮಾಡಲು ಅಲ್ಲ. ಮಲ್ಲಿಗೆ ಹೂವೂ ಬೇಡ, ಅದು ಕೆನೆ ಬಣ್ಣ. ಸ್ಟೀಲ್ ಚೊಂಬೂ ಬೇಡ, ಪಕ್ಕದ ಚೆಂಡುಹೂವೆಲ್ಲ ಅದರೊಳಗೆ ಕಾಣುತ್ತಿರುತ್ತದೆ.

ಮುಹೂರ್ತಕ್ಕೆ ಮೊದಲು ಒಂದು ಗ್ರೇ ಕಾರ್ಡ್ ಹಿಡಿಸಿ ಒಂದು ಕ್ಲಿಕ್ ಮಾಡಿಕೊಂಡಿದ್ದರೆ ಈ ಕಾಗದವೇ ಬರುತ್ತಿರಲಿಲ್ಲ. ಈಗ ಕಾರ್ಡ್ ಇಲ್ಲ. ಹಾಗಾಗಿ ಡ್ರಾಪರ್ ಮರೆತುಬಿಡಿ. ನಾನಾದರೆ ಹೀಗೆ ಮಾಡುತ್ತಿದ್ದೆ. ರಾ ಫೈಲಿನಲ್ಲಿ Temp 5200ರ ಆಸುಪಾಸಿಗೆ ಕೈಯಿಂದಲೇ ತರುವುದು. ಜೆಪೆಗ್ ಮೇಲೆ ತಿದ್ದಬೇಡಿ, ಕಳೆದುಹೋದ ನೀಲಿ ಅಲ್ಲಿ ಪೂರ್ತಿ ವಾಪಸ್ ಸಿಗುವುದಿಲ್ಲ. ಆಗ ಪಂಚೆ ನೀಲಿ ಕಾಣುತ್ತದೆ. ಅದನ್ನು ಮಾತ್ರ ಬ್ರಷ್‌ನಿಂದ ಆರಿಸಿ ಸ್ಯಾಚುರೇಷನ್ ಇಳಿಸಿ. ಪಂಚೆಗೋಸ್ಕರ ಮುಖ ಕೆಡಿಸುವ ಬದಲು ಪಂಚೆಯನ್ನೇ ಬೇರೆ ತಿದ್ದುವುದು.

ಭರಮಸಾಗರ ಸ್ಟುಡಿಯೋ

ಇದಕ್ಕೊಂದು ಸೇರಿಸುತ್ತೇನೆ. Temp ಇಳಿಸಿದಮೇಲೂ ಗದ್ದದ ಕೆಳಗೆ, ಕತ್ತಿನ ಹತ್ತಿರ ಹಳದಿ ಉಳಿಯುತ್ತದೆ. ಅದು ಹಾರದ ಚೆಂಡುಹೂವಿಗೆ ಫ್ಲ್ಯಾಶ್ ಬಡಿದು ಮುಖಕ್ಕೆ ಎಗರಿದ ಬೆಳಕು. ಅದಕ್ಕಾಗಿ ಮತ್ತೆ ಇಡೀ ಫೋಟೋದ Temp ಇಳಿಸಿದರೆ ಹಣೆ ಗುಲಾಬಿ ಆಗುತ್ತದೆ. ಅಲ್ಲಿಗೆ ಮಾತ್ರ ಮೆತ್ತಗೆ ಬ್ರಷ್.

ಯಾರೋ ಬಂದು ಆರೆಂಜ್ ಸ್ಲೈಡರ್ ಎಳಿ, ಯೆಲ್ಲೋ ಸ್ಯಾಚುರೇಷನ್ ಸೊನ್ನೆ ಮಾಡು ಅನ್ನುತ್ತಾರೆ. ಮಾಡಬೇಡಿ. ಅದೇ ಸ್ಲೈಡರಿನಲ್ಲಿ ತಾಳಿ, ಜರಿ, ಅಕ್ಷತೆ ಎಲ್ಲ ಇವೆ. ಒಬ್ಬರಿಗೆ ಹಾಗೆ ಮಾಡಿಕೊಟ್ಟು, ಚಿನ್ನ ಬೆಳ್ಳಿಯಾಗಿದೆ ಅಂತ ಬೈಸಿಕೊಂಡವನು ನಾನೇ.

ನೇರ ಮಾತು

ಇಷ್ಟೆಲ್ಲ ಯಾಕೆ? "ಹಳದಿ" ಅನ್ನೋದು ಮರ್ಯಾದೆಯ ಮಾತು. ಮನಸ್ಸಿನಲ್ಲಿ ಇರೋದು "ಬೆಳ್ಳಗೆ ಮಾಡಿ". ಎಕ್ಸ್‌ಪೋಷರ್ ಸ್ವಲ್ಪ ಏರಿಸಿ ಕೊಡಿ, ಖುಷಿಯಾಗಿ ದುಡ್ಡು ಕೊಡುತ್ತಾರೆ.

ಕೋಟೆ ಕಡೆಯವಳು

ಕಾಗದ ಓದಿದಿರಾ? "ಗೋಧಿ ಬಣ್ಣವೇ ಬರಲಿ" ಅಂತ ಅವರಪ್ಪ ಕೈಯಾರೆ ಬರೆದಿದ್ದಾರೆ. ನನ್ನ ಮದುವೆಯಲ್ಲಿ ಕೇಳದೇ ಬೆಳ್ಳಗೆ ಮಾಡಿಕೊಟ್ಟಿದ್ದರು. ನಮ್ಮ ಅಜ್ಜಿ ಆಲ್ಬಂ ತಿರುಗಿಸಿ ನೋಡಿ "ಇವಳು ಯಾರ ಮಗಳು" ಅಂದಿದ್ದರು. ಆ ಆಲ್ಬಂ ಅಟ್ಟದ ಮೇಲಿದೆ.

ನೇರ ಮಾತು

ಇವರು ಹಾಗಲ್ಲದಿರಬಹುದು ಅಕ್ಕ. ಹತ್ತರಲ್ಲಿ ಎಂಟು ಜನ ಹಾಗೇ. ನನ್ನ ಅನುಭವ ಹೇಳಿದೆ ಅಷ್ಟೇ.

ಪ್ರಿಂಟ್ ಮೇಷ್ಟ್ರು

ಶಟರ್, ಇನ್ನೊಂದು ಮಾತು. ತಿದ್ದಿದ್ದನ್ನು ಸ್ಕ್ರೀನಿನಲ್ಲಿ ನೋಡಿ ಸರಿ ಅನ್ನಬೇಡಿ. ಹಿಂದಿನ ಸಲವೂ ನಿಮಗೆ ಸ್ಕ್ರೀನಿನಲ್ಲಿ ಸರಿ ಅನ್ನಿಸಿತ್ತು. ಅಂದರೆ ನಿಮ್ಮ ಮಾನಿಟರ್ ಸ್ವಲ್ಪ ನೀಲಿಗೆ ಎಳೆಯುತ್ತಿರಬೇಕು, ಈ ಹಳದಿಯನ್ನು ಅದು ಮುಚ್ಚಿಟ್ಟಿತು. ಮಂಜ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ಒಂದು 12x36 ಶೀಟ್ ತಗೊಳ್ಳಿ. ಅದರಲ್ಲಿ ಹುಡುಗಿಯ ಒಂದೇ ಫೋಟೋ ಆರು ಸಲ ಹಾಕಿ. Temp ಮಾತ್ರ ಬದಲಿಸಿ: 5000, 5200, 5400, 5600, 5800, 6000. ಬೇರೇನೂ ಮುಟ್ಟಬೇಡಿ. ಪ್ರತಿಯೊಂದರ ಕೆಳಗೆ ಒಂದು ಅಕ್ಷರ ಬರೆಯಿರಿ, ಅಂಕಿ ಬೇಡ. ಅಂಕಿ ಕಂಡರೆ ಜನ ದೊಡ್ಡದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಮೂಲೆಯಲ್ಲಿ R 128, G 128, B 128ರ ಒಂದು ಬೂದು ಚೌಕ ಇಡಿ. ಅದು ಪ್ರಿಂಟಿನಲ್ಲಿ ಬೂದುವಾಗಿಯೇ ಬಂದರೆ ಲ್ಯಾಬ್ ಸರಿಯಿದೆ ಅಂತ ಅರ್ಥ. ಅದಕ್ಕೇ ಬಣ್ಣ ಬಂದಿದ್ದರೆ ಆ ಪ್ರಿಂಟ್ ಯಾರಿಗೂ ತೋರಿಸಬೇಡಿ, ಲ್ಯಾಬಿಗೆ ವಾಪಸ್ ಕೊಡಿ. ಅದೇ ಲ್ಯಾಬ್, ಅದೇ ಪೇಪರ್, ಅದೇ ಲ್ಯಾಮಿನೇಷನ್ ಇರಲಿ. ಆ ಶೀಟನ್ನು ಹುಡುಗಿಯ ಮುಂದೆ ಇಡಿ.

ದಾವಣಗೆರೆ ಶಟರ್

ಎಂಟು ದಿನ ಆಯಿತು, ಕ್ಷಮಿಸಿ. ಮಧ್ಯೆ ಎರಡು ಮದುವೆ ಇದ್ದವು. ಎರಡರಲ್ಲೂ ಗ್ರೇ ಕಾರ್ಡ್ ಹಿಡಿಸಿದೆ. ಅದೇನು ಪೂಜೆ ಸಾಮಾನಾ ಅಂತ ಒಬ್ಬರು ಕೇಳಿದರು.

ಟೆಸ್ಟ್ ಶೀಟ್ ಹಾಕಿಸಿ ನಿನ್ನೆ ಬೆಳಿಗ್ಗೆ ದುರ್ಗದ ಬಸ್ ಹತ್ತಿದೆ. ಚೌಕ ಬೂದುವಾಗಿಯೇ ಬಂದಿತ್ತು. ಹುಡುಗಿ ತವರಿಗೆ ಬಂದಿದ್ದಳು. ಪಡಸಾಲೆಯಲ್ಲಿ, ಬಿಸಿಲು ನೇರ ಬೀಳದ ಕಡೆ, ಚಾಪೆ ಮೇಲೆ ಶೀಟ್ ಹಾಸಿದೆ. ಪಕ್ಕಕ್ಕೆ ಹಳೇ ಆಲ್ಬಮ್ಮಿನ 14ನೇ ಹಾಳೆ ತೆರೆದಿಟ್ಟೆ. ಹುಡುಗಿ ತೋಳು ಚಾಚಿ, ಮುಂಗೈಯ ಒಳಭಾಗವನ್ನು ಒಂದೊಂದೇ ಫೋಟೋ ಪಕ್ಕಕ್ಕೆ ಸರಿಸುತ್ತಾ ಹೋದಳು. ಯಾರೂ ಮಾತಾಡಲಿಲ್ಲ. "ಇ" ಮತ್ತು "ಈ" ಮಧ್ಯೆ ಎರಡು ಸಲ ಹಿಂದೆ ಮುಂದೆ ಹೋಗಿ "ಇ" ಅಂದಳು. ಅದು 5400. ಅವರಪ್ಪನೂ ಅದನ್ನೇ ತೋರಿಸಿದರು. ಅಮ್ಮನಿಗೆ ಮಾತ್ರ "ಅ" ಇಷ್ಟ, ಅಂದರೆ 5000. "ಅದು ಸ್ವಲ್ಪ ಬೆಳ್ಳಗಿದೆ" ಅಂದರು. ನೇರ ಮಾತು ಅವರು ಪೂರ್ತಿ ಸೋಲಲಿಲ್ಲ ಅನ್ನಿ. ಹುಡುಗಿ "ಅಮ್ಮಾ" ಅಂದಳು, ಅಷ್ಟಕ್ಕೇ ಮುಗಿಯಿತು.

ಪಂಚೆ ಕಥೆಯನ್ನೂ ಹೇಳಿದೆ. ತಪ್ಪು ನನ್ನದು, ಅರಿಶಿನದ್ದಲ್ಲ ಅಂತ ಒಪ್ಪಿಕೊಂಡೆ. ಅವರಪ್ಪ ನಕ್ಕು "ಹಾಗಾದ್ರೆ ಅಳಿಯಂದ್ರ ಪಂಚೆದೇ ತಪ್ಪು" ಅಂದರು. ಅಜ್ಜಿ ಒಳಗಿನಿಂದ ಬಂದು ಶೀಟ್ ನೋಡಿದರು. ಕೈ ಮೇಲೆ, ಕಿವಿ ಹಿಂದೆ ಉಳಿದ ಹಳದಿಗೆ ಬೆರಳಿಟ್ಟು "ಇದು ನಾನು ಹಚ್ಚಿದ ಅರಿಶಿನ, ಇದನ್ನ ಅಳಿಸಬೇಡಪ್ಪ" ಅಂದರು. ಹುಡುಗಿಗೆ ಅದನ್ನೂ ತೆಗೆಸುವ ಆಸೆ ಇದ್ದಂತಿದೆ. ಇಬ್ಬರೂ ಮಾತಾಡಿಕೊಂಡು ಹೇಳುತ್ತೇವೆ ಅಂದಿದ್ದಾರೆ.

ಬೆಳಕು ಬಾಗಿಲು

5400 ಅನ್ನೋದು ಆ ಕಿಟಕಿ ಪಕ್ಕದ ಫೋಟೋಗಳಿಗೆ. ಹಳೇ ಥರ ಎಲ್ಲದಕ್ಕೂ ಸಿಂಕ್ ಒತ್ತಿಬಿಡಬೇಡಿ. ಹೊತ್ತು ಏರಿದ ಹಾಗೆ ಕಿಟಕಿ ಬೆಳಕು ಬದಲಾಗಿರುತ್ತದೆ. ತಾಳಿ ಕಟ್ಟುವಾಗಿನದು, ಸಪ್ತಪದಿಯದು ಅಂತ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಒಂದು ಕೆನ್ನೆ ನೋಡಿ. ಅಯ್ಯನವರ ಕೆನ್ನೆಯಾದರೂ ನಡೆಯುತ್ತದೆ.

ಪ್ರಿಂಟ್ ಮೇಷ್ಟ್ರು

13 ಶೀಟ್ ಮಾತ್ರ ಬದಲಿಸುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿಲ್ಲ ತಾನೇ? ಈ ಆಲ್ಬಂನಲ್ಲಿ ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ನಡುವಿನದನ್ನು ಬಿಡಿಸಲು ಹೋದರೆ 8 ಮತ್ತು 22 ಎರಡೂ ಹರಿಯುತ್ತವೆ. 36ನ್ನೂ ಹೊಸದಾಗಿ ಹಾಕಿಸಬೇಕು. ಪ್ಯಾಡ್ ಹಳೆಯದನ್ನೇ ಬಳಸಬಹುದಾ ಅಂತ ಬೈಂಡಿಂಗ್‌ನವರನ್ನು ಕೇಳಿ ನೋಡಿ.

ದಾವಣಗೆರೆ ಶಟರ್

ಕೊಟ್ಟುಬಿಟ್ಟಿದ್ದೇನೆ ಮೇಷ್ಟ್ರೇ. 13 ಶೀಟಿನ ಖರ್ಚು ನನ್ನದು ಅಂತ ಅವರ ಮುಂದೆಯೇ ಹೇಳಿ ಬಂದೆ. ಈಗ 36.

ಭರಮಸಾಗರ ಸ್ಟುಡಿಯೋ

ತಪ್ಪು ನಮ್ಮದಾದರೆ ಪೂರ್ತಿ ಖರ್ಚೂ ನಮ್ಮದೇ. ನಾನಾದರೆ ಉಸಿರೆತ್ತದೆ ಹಾಕಿಸಿಕೊಡುತ್ತೇನೆ.

ನೇರ ಮಾತು

ನಾನು ಒಪ್ಪಲ್ಲ. ಪ್ರಿಂಟಿಗೆ ಮೊದಲು ಡಿಸೈನ್ ಫೈಲ್ ಅವರ ಮೊಬೈಲಿಗೆ ಹೋಗಿರುತ್ತೆ, ಅವರು ಓಕೆ ಅಂದಿರುತ್ತಾರೆ. ಅರ್ಧ ಅರ್ಧ ಕೇಳಿ.

ದಾವಣಗೆರೆ ಶಟರ್

ಓಕೆ ಅಂದಿದ್ದು ನಿಜ, ಆ ಮೆಸೇಜ್ ಇದೆ. ಆದರೆ ಮೊಬೈಲಿನಲ್ಲಿ ಅಂಗೈ ಅಗಲ ನೋಡಿ ಹೇಳಿದ್ದು. ಅದನ್ನು ತೋರಿಸಿ ದುಡ್ಡು ಕೇಳಲು ನನಗೆ ಬಾಯಿ ಬರುತ್ತಿಲ್ಲ. ಬೈಂಡಿಂಗ್‌ನವರು ಪ್ಯಾಡ್ ಉಳಿಸಬಹುದು ಅಂದಿದ್ದಾರೆ. ಶೀಟಿನ ಲೆಕ್ಕ ಹಾಕುತ್ತಾ ಕೂತಿದ್ದೇನೆ. ಅಜ್ಜಿ ಮೊಮ್ಮಗಳ ತೀರ್ಮಾನ ಇನ್ನೂ ಬಂದಿಲ್ಲ.